ಪಿಒಸಿ ಗೆರೆ ಎಳೆಯುವ ಮುಂಚೆ ಆ ವಾಲ್ಯೂಮ್ ಎಲ್ಲಿಂದ ಬಂತು ನೋಡಿ

ನನ್ನ ಹತ್ತಿರ ಚಾರ್ಟ್ ತೋರಿಸೋಕೆ ಬರುವವರಲ್ಲಿ ಬಹಳ ಜನ ಮಾಡುವ ಕೆಲಸ ಒಂದೇ. ವಾಲ್ಯೂಮ್ ಪ್ರೊಫೈಲ್ ಹಾಕ್ತಾರೆ, ಅತಿ ಉದ್ದದ ಪಟ್ಟಿ ಎಲ್ಲಿದೆ ನೋಡ್ತಾರೆ, ಅಲ್ಲೊಂದು ಗೆರೆ ಎಳೆದು "ಸರ್, ಇದು ಸಪೋರ್ಟ್" ಅಂತಾರೆ. ಅದು ಸಪೋರ್ಟ್ ಹೇಗಾಯ್ತು ಅಂತ ಕೇಳಿದರೆ "ಅಲ್ಲಿ ಜಾಸ್ತಿ ಖರೀದಿ ಆಗಿದೆ" ಅನ್ನುವ ಉತ್ತರ ಬರುತ್ತದೆ. ಖರೀದಿ ಎಷ್ಟಾಗಿದೆಯೋ ಮಾರಾಟವೂ ಅಷ್ಟೇ ಆಗಿರುತ್ತದೆ, ಅಲ್ವಾ? ಮಾರುವವನಿಲ್ಲದೆ ಕೊಳ್ಳುವವನಿಗೆ ಷೇರು ಸಿಗೋದಿಲ್ಲ. ಉದ್ದದ ಪಟ್ಟಿ ಹೇಳುವುದು ಇಷ್ಟೇ: ಈ ಬೆಲೆಯಲ್ಲಿ ಎರಡೂ ಕಡೆಯವರು ಜಾಸ್ತಿ ಕೈ ಬದಲಾಯಿಸಿದರು. ಮಾರುಕಟ್ಟೆ ಆ ಬೆಲೆಯನ್ನು ಒಪ್ಪಿಕೊಂಡಿತ್ತಾ ಅನ್ನುವುದು ಬೇರೆಯದೇ ಪ್ರಶ್ನೆ.

ಮೊದಲು ಲೆಕ್ಕ ಅರ್ಥ ಮಾಡಿಕೊಳ್ಳೋಣ. ಸಾಮಾನ್ಯ ವಾಲ್ಯೂಮ್ ಕಡ್ಡಿಗಳು ಚಾರ್ಟಿನ ಕೆಳಗೆ ನಿಂತಿರುತ್ತವೆ, ಯಾವ ಹೊತ್ತಿಗೆ ಎಷ್ಟು ವಹಿವಾಟು ಅಂತ ಹೇಳುತ್ತವೆ. ಪ್ರೊಫೈಲ್ ಅದನ್ನೇ ಅಡ್ಡ ಮಲಗಿಸಿ, ಯಾವ ಬೆಲೆಗೆ ಎಷ್ಟು ವಹಿವಾಟು ಅಂತ ತೋರಿಸುತ್ತದೆ. ಜಾಸ್ತಿ ವಹಿವಾಟು ಕಂಡ ಸಾಲು ಪಾಯಿಂಟ್ ಆಫ್ ಕಂಟ್ರೋಲ್, ಅಂದರೆ ಪಿಒಸಿ. ಅದರ ಸುತ್ತ ಒಟ್ಟು ವಹಿವಾಟಿನ ಸುಮಾರು 70 ಶೇಕಡಾ ಇರುವ ಜಾಗ ವ್ಯಾಲ್ಯೂ ಏರಿಯಾ.

ಒಂದು ಕಾಲ್ಪನಿಕ ಷೇರು ತಗೊಳ್ಳೋಣ. ದಿನವಿಡೀ 496 ಮತ್ತು 520 ರೂಪಾಯಿ ನಡುವೆ ಓಡಾಡಿತು, ನಾವು ಎರಡೆರಡು ರೂಪಾಯಿಯ ಸಾಲು ಮಾಡಿಕೊಂಡೆವು, 508ರ ಸಾಲು ಅಂದರೆ 508ರಿಂದ 510ರವರೆಗೆ. 508ರ ಸಾಲಿನಲ್ಲಿ 1,50,000 ಷೇರು ಕೈ ಬದಲಾಯಿಸಿತು, ಅದೇ ದೊಡ್ಡದು. ಅದರ ಮೇಲೆ 510ರಲ್ಲಿ 1,20,000, 512ರಲ್ಲಿ 80,000. ಕೆಳಗೆ 506ರಲ್ಲಿ 1,10,000, 504ರಲ್ಲಿ 65,000. ಆಚೆ ಈಚೆ ಎಲ್ಲ ಸಣ್ಣ ಸಣ್ಣದು. ದಿನದ ಒಟ್ಟು 7 ಲಕ್ಷ, ಹಾಗಾಗಿ ನಮಗೆ ಬೇಕಾದ 70 ಶೇಕಡಾ ಅಂದರೆ 4,90,000.

ಪಿಒಸಿಯ 1,50,000ದಿಂದ ಶುರು. ಮೇಲಿನ ಎರಡು ಸಾಲು ಸೇರಿಸಿದರೆ 2,00,000, ಕೆಳಗಿನ ಎರಡು ಸೇರಿಸಿದರೆ 1,75,000. ದೊಡ್ಡದು ಗೆದ್ದಿತು, ಮೇಲಿನದನ್ನು ಸೇರಿಸಿದೆವು, ಈಗ 3,50,000. ಮತ್ತೆ ಹೋಲಿಸಿ. ಮೇಲೆ ಮುಂದಿನ ಎರಡು ಸಾಲಿನಲ್ಲಿ ಬರೀ 65,000 ಇದೆ, ಕೆಳಗೆ ಇನ್ನೂ ಆ 1,75,000 ಕಾಯುತ್ತಿದೆ. ಅದನ್ನು ಸೇರಿಸಿದರೆ 5,25,000, ಗಡಿ ದಾಟಿತು, ನಿಲ್ಲಿಸಿ. ವ್ಯಾಲ್ಯೂ ಏರಿಯಾ 504ರಿಂದ 514. ಇದರಲ್ಲಿ ಮಂತ್ರ ತಂತ್ರ ಏನಿಲ್ಲ, ಸಾಫ್ಟ್‌ವೇರ್ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ.

ಈಗ ಇದೇ ದಿನದಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಬೆಳಿಗ್ಗೆ ಬೆಲೆ ಸ್ವಲ್ಪ ಹೊತ್ತು 501ಕ್ಕೆ ಇಳಿದಾಗ ಯಾರೋ ದೊಡ್ಡವರು ಒಂದೇ ನಿಮಿಷದಲ್ಲಿ 1,60,000 ಷೇರು ಕೈ ಬದಲಾಯಿಸಿದರು ಅಂದುಕೊಳ್ಳಿ. 500ರ ಸಾಲಿನಲ್ಲಿ ಮೊದಲು ಬರೀ 30,000 ಇತ್ತು, ಈಗ 1,90,000. ಪಿಒಸಿ ದಡಕ್ಕನೆ 508ರಿಂದ 500ಕ್ಕೆ ಇಳಿಯಿತು! ವ್ಯಾಲ್ಯೂ ಏರಿಯಾ ಕೂಡ ಹಿಗ್ಗಿ 500ರಿಂದ 514 ಆಗುತ್ತದೆ, ಅದರೊಳಗೆ ಈಗ ಸುಮಾರು 88 ಶೇಕಡಾ ವಹಿವಾಟು ತುಂಬಿಕೊಂಡಿದೆ. ಉಳಿದ ಸಾವಿರಾರು ಜನ ದಿನವಿಡೀ 504-514ರ ನಡುವೆ ಚೌಕಾಸಿ ಮಾಡಿದ್ದರಲ್ಲಿ ಏನೂ ಬದಲಾಗಿಲ್ಲ, ಆದರೆ ಚಾರ್ಟ್ ನೋಡಿದವರು 501ಕ್ಕೆ ದಪ್ಪ ಗೆರೆ ಎಳೆದು ಮಾರನೇ ದಿನ ಅಲ್ಲಿ ಖರೀದಿಗೆ ಕಾಯುತ್ತಾರೆ.

ಇದನ್ನು ಹಿಡಿಯುವುದು ಕಷ್ಟವಲ್ಲ. ಒಂದು ನಿಮಿಷದ ಚಾರ್ಟ್ ತೆಗೆದು, ಪಿಒಸಿ ಸಾಲಿನ ವಹಿವಾಟು ಒಂದೆರಡು ಕಡ್ಡಿಗಳಿಂದಲೇ ಬಂದಿದೆಯಾ, ಹಲವು ಗಂಟೆಗಳಲ್ಲಿ ಹರಡಿ ಬಂದಿದೆಯಾ ನೋಡಿ. ಇನ್ನೊಂದು ದಾರಿ ಇದಕ್ಕಿಂತ ಹಳೆಯದು. ಶಿಕಾಗೊ ಬೋರ್ಡ್ ಆಫ್ ಟ್ರೇಡ್‌ನಲ್ಲಿ ಟ್ರೇಡರ್ ಆಗಿದ್ದ ಪೀಟರ್ ಸ್ಟೈಡಲ್‌ಮಯರ್ 1980ರ ದಶಕದಲ್ಲಿ ಮಾರ್ಕೆಟ್ ಪ್ರೊಫೈಲ್ ಪರಿಚಯಿಸಿದಾಗ ಅದರಲ್ಲಿ ಲೆಕ್ಕ ಹಾಕಿದ್ದು ಸಮಯವನ್ನು. ಪ್ರತಿ ಅರ್ಧ ಗಂಟೆಗೆ ಒಂದು ಅಕ್ಷರ, ಆ ಅರ್ಧ ಗಂಟೆಯಲ್ಲಿ ಬೆಲೆ ಮುಟ್ಟಿದ ಪ್ರತಿ ಸಾಲಿಗೂ ಆ ಅಕ್ಷರ. ನಮ್ಮ ಎನ್‌ಎಸ್‌ಇಯಲ್ಲಿ 9:15ರಿಂದ 3:30ರವರೆಗೆ 13 ಅಕ್ಷರ ಬರುತ್ತವೆ, ಕೊನೆಯದು ಬರೀ ಕಾಲು ಗಂಟೆಯದು. ನಮ್ಮ ಷೇರಿನಲ್ಲಿ 508ರ ಸಾಲಿಗೆ ಎಂಟೊಂಬತ್ತು ಅಕ್ಷರ ಸಿಕ್ಕಿರುತ್ತದೆ, 500ರ ಸಾಲಿಗೆ ಒಂದೋ ಎರಡೋ. ಸಮಯದ ಪಿಒಸಿ ಒಂದು ಕಡೆ, ವಾಲ್ಯೂಮಿನ ಪಿಒಸಿ ಇನ್ನೊಂದು ಕಡೆ ದೂರ ದೂರ ಇದ್ದರೆ ನಾನು ವಾಲ್ಯೂಮಿನದನ್ನು ನಂಬುವ ಮುಂಚೆ ಕಾರಣ ಹುಡುಕುತ್ತೇನೆ. ಎರಡೂ ಒಂದೇ ಕಡೆ ಕೂತಿದ್ದರೆ ಮಾತ್ರ "ಇಲ್ಲಿ ಒಪ್ಪಿಗೆ ಇತ್ತು" ಅನ್ನುವುದಕ್ಕೆ ಧೈರ್ಯ ಬರುತ್ತದೆ. ಹಾಗಂತ 501ರ ಆ ದೊಡ್ಡ ವ್ಯವಹಾರಕ್ಕೆ ಅರ್ಥವೇ ಇಲ್ಲ ಅಂತಲ್ಲ. ಅದು ಒಬ್ಬರ ನಿರ್ಧಾರ, ಮಾರುಕಟ್ಟೆಯದ್ದಲ್ಲ, ಅಷ್ಟೇ.

ಮಾರನೇ ದಿನಕ್ಕೆ ಬನ್ನಿ, ಆ ದೊಡ್ಡ ವ್ಯವಹಾರ ಇಲ್ಲದ ಮೊದಲ ಲೆಕ್ಕವನ್ನೇ ಇಟ್ಟುಕೊಂಡು. ಷೇರು 517ಕ್ಕೆ ತೆರೆಯಿತು, ಅಂದರೆ ನಿನ್ನೆಯ ವ್ಯಾಲ್ಯೂ ಏರಿಯಾದ ಮೇಲೆ. ಇದು ಬ್ರೇಕ್‌ಔಟ್ ಅಂತ ಈಗಲೇ ಹೇಳಲು ಆಗೋದಿಲ್ಲ. ನಾನು ನೋಡುವುದು ಇವತ್ತಿನ ಪಿಒಸಿ ಎಲ್ಲಿ ಹುಟ್ಟುತ್ತಿದೆ ಅಂತ. ಬೆಲೆ 516-520ರ ನಡುವೆಯೇ ಗಂಟೆಗಟ್ಟಲೆ ನಿಂತು, ಅಲ್ಲೇ ಪಟ್ಟಿಗಳು ಉದ್ದವಾಗುತ್ತಾ ಹೋಗಿ, ಮಧ್ಯಾಹ್ನದ ಹೊತ್ತಿಗೆ ಇವತ್ತಿನ ಪಿಒಸಿ 518ರಲ್ಲಿ ಕೂತರೆ, ಹೊಸ ಬೆಲೆಗೆ ಒಪ್ಪಿಗೆ ಸಿಗುತ್ತಿದೆ. ಅದೇ 521 ಮುಟ್ಟಿ, ಅಲ್ಲಿ ತೆಳ್ಳಗಿನ ಪಟ್ಟಿಗಳನ್ನಷ್ಟೇ ಬಿಟ್ಟು, 514ರ ಕೆಳಗೆ ವಾಪಸ್ ಬಂದು ಸತತ ಎರಡು ಅರ್ಧ ಗಂಟೆ ಅಲ್ಲೇ ಉಳಿದರೆ, ಮೇಲಿನ ಬೆಲೆಯನ್ನು ಮಾರುಕಟ್ಟೆ ಬೇಡ ಅಂದಿತು. ಆಗ ಬೆಲೆ ವ್ಯಾಲ್ಯೂ ಏರಿಯಾದ ಇನ್ನೊಂದು ತುದಿಗೆ, ಇಲ್ಲಿ 504ರ ಕಡೆಗೆ, ಹೋಗುವ ಸಾಧ್ಯತೆಯನ್ನು 80 ಶೇಕಡಾ ನಿಯಮ ಅಂತ ಕರೆಯುತ್ತಾರೆ. ಆ 80 ಅನ್ನುವ ಸಂಖ್ಯೆಗೆ ಮರುಳಾಗಬೇಡಿ, ನೀವು ಆಡುವ ಷೇರಿನಲ್ಲಿ ನೀವೇ ಹಿಂದಿನ ದಿನಗಳನ್ನು ಎಣಿಸಿ ನೋಡದೆ ಅದು ಬರೀ ಹೆಸರು. ದಾರಿಯಲ್ಲಿ ಪಿಒಸಿ ಹತ್ತಿರ, ಅಂದರೆ 509ರ ಸುತ್ತ, ಬೆಲೆ ತಿಣುಕಾಡುವುದು ಸಾಮಾನ್ಯ. ಎರಡೂ ಕಡೆಯವರಿಗೂ ಒಗ್ಗಿದ ಬೆಲೆ ಅದು. ಅದಕ್ಕೇ ಪಿಒಸಿ ಮೇಲೆಯೇ ಹೊಸದಾಗಿ ಆರ್ಡರ್ ಹಾಕುವುದು ನನಗಿಷ್ಟವಿಲ್ಲ. ಅಲ್ಲಿ ಬೆಲೆ ಯಾವ ಕಡೆಗೂ ಹೋಗದೆ ಸುಮ್ನೆ ಗಿರಕಿ ಹೊಡೆಯುತ್ತದೆ, ಸ್ಟಾಪ್‌ಲಾಸ್ ಎಲ್ಲಿಡಬೇಕು ಅಂತಲೇ ತಿಳಿಯೋದಿಲ್ಲ.

ಸೆಟ್ಟಿಂಗ್ ವಿಷಯಕ್ಕೂ ಸ್ವಲ್ಪ ಗಮನ ಕೊಡಿ. ಟ್ರೇಡಿಂಗ್‌ವ್ಯೂನಲ್ಲಿ Visible Range ಪ್ರೊಫೈಲ್ ಹಾಕಿದರೆ ಪರದೆಯಲ್ಲಿ ಕಾಣುವಷ್ಟನ್ನೇ ಲೆಕ್ಕ ಹಾಕುತ್ತದೆ, ಝೂಮ್ ಮಾಡಿದರೆ ಪಿಒಸಿ ಜಾಗ ಬದಲಾಗುತ್ತದೆ. ದಿನದ ಲೆಕ್ಕಕ್ಕೆ Session Volume Profile ಬೇಕು. Row Size ಬದಲಾಯಿಸಿದರೂ ಪಿಒಸಿ ಅತ್ತಿತ್ತ ಸರಿಯುತ್ತದೆ. ಎರಡು ಮೂರು ಅಳತೆಯಲ್ಲಿ ನೋಡಿದಾಗಲೂ ಅದೇ ಜಾಗದಲ್ಲಿ ನಿಂತರೆ ಸರಿ, ಇಲ್ಲದಿದ್ದರೆ ಆ ದಿನ ಒಂದು ಗೆರೆಯ ಬದಲು ಒಂದು ಪಟ್ಟೆ ಅಂತ ತಿಳಿಯಿರಿ.

ನಿಫ್ಟಿ ಆಡುವವರಿಗೆ ಇನ್ನೊಂದು ತೊಡಕಿದೆ. ಸೂಚ್ಯಂಕವನ್ನು ಯಾರೂ ನೇರವಾಗಿ ಕೊಳ್ಳುವುದಿಲ್ಲ, ಅದಕ್ಕೆ ಅದರದೇ ಆದ ವಹಿವಾಟು ಇಲ್ಲ. ಪ್ರೊಫೈಲ್ ಹಾಕಬೇಕಾದ್ದು ನಿಫ್ಟಿ ಫ್ಯೂಚರ್ಸ್ ಮೇಲೆ. ಅಲ್ಲಿ ಸಿಕ್ಕ ಪಿಒಸಿಯನ್ನು ಹಾಗೇ ತಂದು ಸ್ಪಾಟ್ ಚಾರ್ಟಿಗೆ ಅಂಟಿಸಬೇಡಿ, ಎರಡರ ನಡುವೆ ಪ್ರೀಮಿಯಂ ವ್ಯತ್ಯಾಸ ಇರುತ್ತದೆ. ತಿಂಗಳ ಎಕ್ಸ್‌ಪೈರಿ ಹತ್ತಿರ ಬಂದಾಗ ಜನ ಮುಂದಿನ ತಿಂಗಳ ಕಾಂಟ್ರಾಕ್ಟಿಗೆ ರೋಲ್‌ಓವರ್ ಮಾಡುತ್ತಾರೆ, ವಹಿವಾಟು ಎರಡು ಕಾಂಟ್ರಾಕ್ಟಿಗೆ ಹಂಚಿಹೋಗುತ್ತದೆ. ಆ ದಿನಗಳಲ್ಲಿ ಎರಡನ್ನೂ ಪಕ್ಕಪಕ್ಕ ತೆರೆದಿಟ್ಟು, ವಹಿವಾಟು ಜಾಸ್ತಿ ಇರುವ ಕಾಂಟ್ರಾಕ್ಟಿನ ಪ್ರೊಫೈಲನ್ನೇ ಓದಿ.