ಅಳಿಸುವುದೂ ಒಂದು ಬರಹವೇ

“ನನ್ನ ಖಾತೆಯನ್ನು ಶಾಶ್ವತವಾಗಿ ಮುಚ್ಚಿ. ನನಗೆ ಸಂಬಂಧಿಸಿದ ಎಲ್ಲ ಡೇಟಾ ಅಳಿಸಿಹಾಕಿ.” ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಆರು ವರ್ಷ ಬಳಸಿದ ಕೋಡ್ ಹಂಚಿಕೆಯ ತಾಣಕ್ಕೆ ಇಷ್ಟೇ ಬರೆದು ಕಳಿಸಿದ ಎಂದಿಟ್ಟುಕೊಳ್ಳಿ. ಮೂರನೆಯ ದಿನ ಉತ್ತರ ಬರುತ್ತದೆ: “ನಿಮ್ಮ ಖಾತೆಯನ್ನು ತೆಗೆದುಹಾಕಲಾಗಿದೆ.” ಉತ್ತರ ಸುಳ್ಳೇನಲ್ಲ. ಆದರೆ ಆ ಹೊತ್ತಿಗೆ ಅವನ ಹೆಸರು, ಇಮೇಲ್ ಎರಡೂ ಆ ಸಂಸ್ಥೆಯ ಡಿಸ್ಕ್‌ಗಳಲ್ಲಿ ಹತ್ತಾರು ಕಡೆ ಹಾಗೇ ಕೂತಿರುತ್ತವೆ. ಯಾರೋ ಮೋಸ ಮಾಡಿದ್ದರಿಂದ ಅಲ್ಲ. ದೊಡ್ಡ ವ್ಯವಸ್ಥೆಗಳನ್ನು ಕಟ್ಟುವುದೇ ಏನೂ ಕಳೆದುಹೋಗದಂತೆ. ಅಂಥ ಕಡೆ ‘ಅಳಿಸು’ ಎಂದರೆ ಬಹುತೇಕ ಸಲ ಇನ್ನೊಂದು ಸಾಲು ಬರೆಯುವುದು ಎಂದೇ ಅರ್ಥ.

ಖಾತೆಯ ಸಂಖ್ಯೆ 48213 ಎನ್ನೋಣ. ಬೆಂಬಲ ತಂಡದವರು ಗುಂಡಿ ಒತ್ತಿದಾಗ ಬಹಳಷ್ಟು ತಾಣಗಳಲ್ಲಿ ಮೊದಲು ಓಡುವುದು ಇಂಥದ್ದೊಂದು ಆಜ್ಞೆ:

```sql
UPDATE users SET deleted_at = now() WHERE id = 48213;
```

ಇಲ್ಲಿ `DELETE` ಎಂಬ ಪದವೇ ಇಲ್ಲ. ಸಾಲು ಇದ್ದಲ್ಲೇ ಇದೆ, ಅದರ ಒಂದು ಅಂಕಣದಲ್ಲಿ ತಾರೀಖು ಬಿದ್ದಿದೆ, ಅಷ್ಟೆ. ಇನ್ನು ಮುಂದೆ ತಾಣ ಆ ತಾರೀಖು ಇರುವ ಸಾಲುಗಳನ್ನು ಯಾರಿಗೂ ತೋರಿಸುವುದಿಲ್ಲ. ಇದನ್ನು ಸಾಫ್ಟ್ ಡಿಲೀಟ್ ಎನ್ನುತ್ತಾರೆ. ಇದಕ್ಕೆ ಸಕಾರಣವೂ ಇದೆ. ಖಾತೆಯನ್ನು ಕದ್ದವನೇ ಅಳಿಸಲು ಹೇಳಿದ್ದರೆ ನಿಜವಾದ ಒಡೆಯನಿಗೆ ಅದನ್ನು ಹಿಂದಿರುಗಿಸಬೇಕಲ್ಲ! ಅದಕ್ಕಾಗಿ ಸಾಮಾನ್ಯವಾಗಿ 30 ದಿನಗಳ ಗಡುವು ಇಟ್ಟಿರುತ್ತಾರೆ. ತೊಂದರೆ ಶುರುವಾಗುವುದು ಆ ಗಡುವು ಮುಗಿದ ಮೇಲೆ ನಿಜವಾಗಿ ಅಳಿಸುವ ಕೆಲಸವನ್ನು ಯಾರೂ ಬರೆದಿಡದೆ ಹೋದಾಗ. ಹೊರಗಿನಿಂದ ಇದನ್ನು ಪತ್ತೆ ಮಾಡಲು ಒಂದು ಸರಳ ದಾರಿ: ಕೆಲವು ತಿಂಗಳು ಬಿಟ್ಟು ಅದೇ ಇಮೇಲ್‌ನಿಂದ ಹೊಸ ಖಾತೆ ತೆರೆಯಲು ನೋಡುವುದು. “ಈ ಇಮೇಲ್ ಈಗಾಗಲೇ ಬಳಕೆಯಲ್ಲಿದೆ” ಎಂದು ಬಂದರೆ ಹಳೆಯ ಸಾಲು ಇನ್ನೂ ಜೀವಂತ ಎಂದು ಅನುಮಾನಿಸಬಹುದು. ಇಮೇಲ್‌ನಿಂದ ಲೆಕ್ಕ ಹಾಕಿ ಪಡೆದ ಸಂಕೇತ, ಅಂದರೆ ಹ್ಯಾಶ್, ಮಾತ್ರ ಇಟ್ಟುಕೊಂಡಿರುವ ಸಾಧ್ಯತೆಯೂ ಉಂಟು. ಆದರೆ ಅದೂ ಡೇಟಾವೇ. ಊಹಿಸಬಲ್ಲ ಇಮೇಲ್‌ಗಳನ್ನು ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿದರೆ ಯಾರದ್ದೆಂದು ಗೊತ್ತಾಗಿಬಿಡುತ್ತದೆ.

ಸರಿ, ನಮ್ಮ ತಾಣದವರು ಶ್ರದ್ಧೆಯವರು, 31ನೆಯ ದಿನ ನಿಜವಾದ `DELETE` ಓಡಿಸಿದರು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಆಗಲೂ ಸಾಲಿನ ಅಕ್ಷರಗಳಿಗೆ ಏನೂ ಆಗುವುದಿಲ್ಲ. ಸಾಲಿನ ತಲೆಭಾಗದಲ್ಲಿರುವ `xmax` ಎಂಬ ಜಾಗದಲ್ಲಿ ಅಳಿಸಿದ ವ್ಯವಹಾರದ, ಅಂದರೆ ಟ್ರಾನ್ಸಾಕ್ಷನ್‌ನ, ಸಂಖ್ಯೆ ಬೀಳುತ್ತದೆ. ಅದೇ ಕ್ಷಣದಲ್ಲಿ ಬೇರೊಬ್ಬರು ಹಳೆಯ ಸ್ಥಿತಿಯನ್ನು ಓದುತ್ತಿರಬಹುದು ಎಂಬ ಎಚ್ಚರಿಕೆಯಿಂದ ಈ ಏರ್ಪಾಡು. ಸತ್ತ ಸಾಲುಗಳನ್ನು ಗುಡಿಸುವ ಕೆಲಸ ವ್ಯಾಕ್ಯೂಮ್‌ನದ್ದು. ತಾನಾಗಿ ಓಡುವ ಆಟೊವ್ಯಾಕ್ಯೂಮ್, ಯಾರೂ ಬದಲಿಸದ ಹೊರತು, ಸತ್ತ ಸಾಲುಗಳು ಒಟ್ಟು ಸಾಲುಗಳ 20 ಶೇಕಡಾ ಮತ್ತು ಮೇಲೆ 50 ದಾಟುವವರೆಗೆ ಕಾಯುತ್ತದೆ. ಒಂದು ಕೋಟಿ ಸಾಲುಗಳ ಕೋಷ್ಟಕದಲ್ಲಿ ಅದು 20 ಲಕ್ಷದ 50. ಬೇರೆ ಕಾರಣಕ್ಕೆ ಆ ಪುಟ ಮುಂಚೆಯೇ ಶುದ್ಧವಾಗಬಹುದು, ಆಗದೆಯೂ ಇರಬಹುದು.

ಇದು ಒಂದೇ ಯಂತ್ರದ ಮಾತು. ಒಂದೇ ದತ್ತಾಂಶವನ್ನು ಹಲವು ಯಂತ್ರಗಳಲ್ಲಿ ಇಡುವ ಕಸಾಂಡ್ರದಂಥ ಡೇಟಾಬೇಸ್‌ನಲ್ಲಿ ಕಥೆ ಇನ್ನೂ ವಿಚಿತ್ರ. ಅಲ್ಲಿ ಅಳಿಸು ಎಂದರೆ ‘ಈ ಸಾಲು ಸತ್ತಿದೆ’ ಎಂಬ ಹೊಸ ದಾಖಲೆಯನ್ನು ಬರೆಯುತ್ತಾರೆ. ಅದಕ್ಕೆ ಟೂಂಬ್‌ಸ್ಟೋನ್, ಅಂದರೆ ಗೋರಿಕಲ್ಲು, ಎಂದೇ ಹೆಸರು. ಕಲ್ಲು ಬೇಕೇ ಬೇಕು, ಏಕೆಂದರೆ ಒಂದು ಯಂತ್ರದಲ್ಲಿ ಸಾಲು ಇಲ್ಲ, ಇನ್ನೊಂದರಲ್ಲಿ ಇದೆ ಎಂದಾಗ ‘ಇಲ್ಲಿ ಅಳಿಸಲಾಗಿದೆ’ಯೋ ‘ಇಲ್ಲಿಗೆ ಇನ್ನೂ ಬಂದು ತಲುಪಿಲ್ಲ’ವೋ ಎಂದು ಹೇಳಲು ಬೇರೆ ಆಧಾರವಿಲ್ಲ. ಹಾಗೆಂದು ಕಲ್ಲುಗಳನ್ನು ಸದಾಕಾಲ ಇಟ್ಟುಕೊಂಡರೆ ಓದುವ ಕೆಲಸ ನಿಧಾನವಾಗುತ್ತದೆ. ಆದ್ದರಿಂದ ಅವಕ್ಕೂ ಆಯಸ್ಸು ನಿಗದಿ ಮಾಡಿದ್ದಾರೆ. `gc_grace_seconds` ಎಂಬ ಅದರ ಮೂಲ ಮೌಲ್ಯ 864000 ಸೆಕೆಂಡು, ಅಂದರೆ 10 ದಿನ.

ಈ 10 ದಿನಗಳ ಲೆಕ್ಕ ತಪ್ಪಿದರೆ ಏನಾಗುತ್ತದೆ ನೋಡಿ. 48213ರ ಸಾಲು ಮೂರು ಯಂತ್ರಗಳಲ್ಲಿದೆ, ಅವುಗಳನ್ನು ಅ, ಆ, ಇ ಎಂದು ಕರೆಯೋಣ. ಅಳಿಸುವ ದಿನ ‘ಇ’ ಕೆಟ್ಟು ನಿಂತಿತ್ತು. ಮೂರರಲ್ಲಿ ಎರಡು ಒಪ್ಪಿದರೆ ಸಾಕು ಎಂಬ ನಿಯಮದಂತೆ ಅ ಮತ್ತು ಆ ಗೋರಿಕಲ್ಲು ನೆಟ್ಟವು, ಕೆಲಸ ಮುಗಿಯಿತೆಂದು ವರದಿ ಹೋಯಿತು. ಬಿದ್ದ ಯಂತ್ರ ಎದ್ದ ಮೇಲೆ ತಿಳಿಸೋಣ ಎಂದು ಸುದ್ದಿಯನ್ನು ಎತ್ತಿಡುವ ಏರ್ಪಾಡೂ ಇದೆ. ಆದರೆ ಯಂತ್ರ ಬಿದ್ದು ಮೂರು ಗಂಟೆ ಕಳೆದರೆ ಅದಕ್ಕಾಗಿ ಹೊಸ ಸುದ್ದಿ ಎತ್ತಿಡುವುದು ನಿಲ್ಲುತ್ತದೆ. ‘ಇ’ ಹಿಂದಿನ ರಾತ್ರಿಯೇ ಬಿದ್ದಿತ್ತು. ಹನ್ನೊಂದನೆಯ ದಿನದ ಹೊತ್ತಿಗೆ ಅ ಮತ್ತು ಆ ತಮ್ಮ ಫೈಲುಗಳನ್ನು ಒಟ್ಟುಗೂಡಿಸುವಾಗ ಹಳೆಯ ಸಾಲನ್ನೂ ಕಲ್ಲನ್ನೂ ಒಟ್ಟಿಗೇ ಎಸೆದವು. ಹದಿಮೂರನೆಯ ದಿನ ರಿಪೇರಿಯಾದ ‘ಇ’ ಯನ್ನು ಯಾರೋ ನೇರವಾಗಿ ಜಾಲಕ್ಕೆ ಸೇರಿಸಿದರು. ಅದರ ಡಿಸ್ಕಿನಲ್ಲಿ ಹಳೆಯ ಸಾಲು ಭದ್ರವಾಗಿದೆ. ಯಾವುದೋ ಓದಿನಲ್ಲಿ ಅ ಮತ್ತು ಇ ಎದುರುಬದುರಾದವು. ಅ ಬಳಿ ಏನೂ ಇಲ್ಲ, ಇ ಬಳಿ ಸಾಲಿದೆ, ಕಲ್ಲು ಯಾರ ಬಳಿಯೂ ಇಲ್ಲ. ವ್ಯವಸ್ಥೆ ‘ಅ’ ಹಿಂದುಳಿದಿದೆ ಎಂದು ತೀರ್ಮಾನಿಸಿ ಸಾಲನ್ನು ಅದಕ್ಕೆ ನಕಲಿಸಿತು. ಸತ್ತ ಖಾತೆ ಎದ್ದು ಕೂತಿತು. ಈ ರಂಗದವರು ಇದನ್ನು ಜೋಂಬಿ ಎನ್ನುತ್ತಾರೆ. ಎಂಜಿನಿಯರ್‌ಗೆ ಇದು ತಿಳಿಯುವುದು ಖಾತೆ ಮುಚ್ಚಿ ವಾರಗಳಾದ ಮೇಲೆ “ನಿಮಗೆ ಎರಡು ಹೊಸ ಸಂದೇಶಗಳಿವೆ” ಎಂಬ ಇಮೇಲ್ ಬಂದಾಗ. ಗಡುವಿನೊಳಗೆ ಎಲ್ಲ ಯಂತ್ರಗಳ ಮೇಲೂ, ಪ್ರತಿಗಳನ್ನು ಹೋಲಿಸಿ ಸರಿಪಡಿಸುವ `nodetool repair` ಓಡಿಸುವುದು, ಅದಕ್ಕಿಂತ ಹೆಚ್ಚು ದಿನ ಬಿದ್ದಿದ್ದ ಯಂತ್ರವನ್ನು ಖಾಲಿ ಮಾಡಿಯೇ ಸೇರಿಸುವುದು, ಇವೇ ಮದ್ದು.

ಇನ್ನು ಬ್ಯಾಕಪ್. ನಮ್ಮ ತಾಣ ಪ್ರತಿ ವಾರ ಪೂರ್ತಿ ಪ್ರತಿ ತೆಗೆದು 35 ದಿನ ಇಡುತ್ತದೆ ಎನ್ನೋಣ. ಅದರೊಳಗಿನಿಂದ ಒಬ್ಬನ ಸಾಲನ್ನು ಮಾತ್ರ ಕಿತ್ತು ತೆಗೆಯಲಾಗದು. ಫೈಲನ್ನು ಕುಗ್ಗಿಸಿ, ಗೂಢಲಿಪಿ ಮಾಡಿ ಇಟ್ಟಿರುತ್ತಾರೆ. ಸುಲಿಗೆಕೋರರು ಕೆಡಿಸದಿರಲಿ ಎಂದು ಯಾರೂ ತಿದ್ದಲಾಗದಂತೆ ಬೀಗ ಹಾಕಿರುವುದೂ ಉಂಟು. ಅವಧಿ ಮುಗಿದು ಫೈಲು ತಾನಾಗಿ ಹೋಗುವವರೆಗೆ ಕಾಯುವುದೇ ದಾರಿ. ಗೂಗಲ್ ತನ್ನ ನೀತಿಯಲ್ಲಿ ಇದನ್ನು ಬಿಚ್ಚಿ ಹೇಳಿದೆ: ಸರ್ವರ್‌ಗಳಿಂದ ಪೂರ್ತಿ ಅಳಿಯಲು ಸಾಮಾನ್ಯವಾಗಿ ಸುಮಾರು 2 ತಿಂಗಳು, ಬ್ಯಾಕಪ್‌ನಲ್ಲಿ 6 ತಿಂಗಳವರೆಗೂ ಉಳಿಯಬಹುದು.

ಆದರೆ ಅಳಿಸಿದ ಎರಡನೆಯ ದಿನ ಡೇಟಾಬೇಸ್ ಕುಸಿದು ಅಳಿಸುವ ಮುಂಚಿನ ಬ್ಯಾಕಪ್‌ನಿಂದ ಎಬ್ಬಿಸಬೇಕಾಗಿ ಬಂದರೆ? 48213 ಮತ್ತೆ ಹಾಜರ್. ಇದನ್ನು ತಡೆಯಲು ಅಳಿಸಲಾದ ಖಾತೆಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಲೇಬೇಕು. ಹೆಸರು, ಇಮೇಲ್ ಬೇಡ, ಖಾತೆಯ ಸಂಖ್ಯೆ ಮತ್ತು ತಾರೀಖು ಸಾಕು. ಬ್ಯಾಕಪ್ ಎಬ್ಬಿಸಿದ ಕೂಡಲೇ, ಬಳಕೆದಾರರಿಗೆ ಬಾಗಿಲು ತೆರೆಯುವ ಮುನ್ನ, ಆ ಪಟ್ಟಿಯಲ್ಲಿರುವವರನ್ನೆಲ್ಲ ಮತ್ತೊಮ್ಮೆ ಅಳಿಸುತ್ತಾರೆ. ಒಬ್ಬನನ್ನು ಮರೆಯಬೇಕಾದರೆ ಮರೆಯಬೇಕು ಎಂಬುದನ್ನು ನೆನಪಿಟ್ಟುಕೊಂಡಿರಬೇಕು! ಈ ಪಟ್ಟಿಯನ್ನು ಅದೇ ಡೇಟಾಬೇಸಿನ ಒಳಗೆ ಇಡುವುದು ಸುಲಭವಾಗಿ ಆಗುವ ತಪ್ಪು. ಹಾಗೆ ಇಟ್ಟರೆ ಬ್ಯಾಕಪ್ ಎದ್ದಾಗ ಪಟ್ಟಿಯೂ ಹಳೆಯ ತಾರೀಖಿಗೆ ಹೋಗುತ್ತದೆ.

ಇದಕ್ಕಿಂತ ಜಾಣ ಉಪಾಯವೊಂದಿದೆ. ಪ್ರತಿ ಬಳಕೆದಾರನಿಗೂ 32 ಬೈಟ್‌ಗಳ ಪ್ರತ್ಯೇಕ ಕೀಲಿ ಕೊಟ್ಟು, ಅವನ ಡೇಟಾವನ್ನೆಲ್ಲ ಆ ಕೀಲಿಯಿಂದ ಗೂಢಲಿಪಿ ಮಾಡಿಯೇ ಬರೆಯುವುದು. ಅಳಿಸಬೇಕಾದಾಗ ಕೀಲಿಯನ್ನು ನಾಶ ಮಾಡಿದರಾಯಿತು, ಬ್ಯಾಕಪ್‌ನಲ್ಲಿ ಉಳಿದದ್ದು ಯಾರೂ ಓದಲಾಗದ ಕಸ. ಆದರೆ ಇದನ್ನು ಮೊದಲ ದಿನದಿಂದಲೇ ಮಾಡಿಕೊಂಡು ಬಂದಿರಬೇಕು. ಕೀಲಿಗಳದ್ದೇ ಬ್ಯಾಕಪ್ ಒಂದು ವರ್ಷ ಉಳಿಯುವಂತಿದ್ದರೆ ಆ ಒಂದು ವರ್ಷ ಏನೂ ಅಳಿದಂತಲ್ಲ. ಹುಡುಕು ಸೂಚಿಗೆ ಮತ್ತು ಲಾಗ್ ಫೈಲುಗಳಿಗೆ ಬಿಡಿಬಿಡಿಯಾಗಿ ಹೋದ ಹೆಸರು, ಇಮೇಲ್‌ಗಳಿಗೆ ಈ ಕೀಲಿ ತಾಗುವುದೂ ಇಲ್ಲ.

ಕೋಡ್ ಬರೆಯುವವನಿಗೆ ಮಾತ್ರ ಕಾಡುವ ತೊಡಕು ಬೇರೆಯೇ. ಕೋಡ್‌ನ ಇತಿಹಾಸವನ್ನು ಕಾಯುವ ಗಿಟ್‌ನಲ್ಲಿ ಪ್ರತಿ ಕಮಿಟ್‌ನೊಳಗೂ, ಅಂದರೆ ಬದಲಾವಣೆಯ ಪ್ರತಿ ದಾಖಲೆಯೊಳಗೂ, ಬರೆದವನ ಹೆಸರು, ಇಮೇಲ್ ಸೇರಿರುತ್ತವೆ, ಅವನ್ನೂ ಹಿಂದಿನ ಕಮಿಟ್‌ನ ಹ್ಯಾಶನ್ನೂ ಸೇರಿಸಿಯೇ ಈ ಕಮಿಟ್‌ನ ಹ್ಯಾಶ್ ಲೆಕ್ಕವಾಗುತ್ತದೆ. ಮೂರು ವರ್ಷದ ಹಿಂದಿನ ಒಂದು ಇಮೇಲ್ ಬದಲಿಸಿದರೆ ಅದರ ಮೇಲೆ ಕೂತ ಕಮಿಟ್‌ಗಳ ಹ್ಯಾಶ್‌ಗಳೆಲ್ಲ ಬದಲಾಗಿ, ಆ ಯೋಜನೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಪ್ರತಿಯೂ ಹೊಂದಾಣಿಕೆ ಕಳೆದುಕೊಳ್ಳುತ್ತದೆ. ಗಿಟ್‌ಹಬ್‌ನಲ್ಲಿ ಅಳಿದ ಖಾತೆಯವರ ಕಾಮೆಂಟ್‌ಗಳು `ghost` ಎಂಬ ಹೆಸರಿಗೆ ಸೇರುತ್ತವೆ. ಆದರೆ ಕಮಿಟ್‌ನೊಳಗಿನ ಇಮೇಲ್ ಹಾಗೇ ಇರುತ್ತದೆ. ಯೋಜನೆಯ ಪ್ರತಿ ಇರುವ ಯಾರೇ ಆದರೂ ಹೀಗೆ ನೋಡಬಹುದು:

```
git log --format='%an %ae'
```

ಹಳೆಯ ಹೆಸರು, ಇಮೇಲ್‌ಗೆ ಬದಲಾಗಿ ಹೊಸದನ್ನು ತೋರಿಸುವ `.mailmap` ಫೈಲು ತೋರಿಕೆಯನ್ನಷ್ಟೇ ಬದಲಿಸುತ್ತದೆ. ಇಲ್ಲಿ ತಾಣದವರನ್ನು ಬೈದು ಫಲವಿಲ್ಲ. ಇತರರ ಕಂಪ್ಯೂಟರಿನಲ್ಲಿರುವ ಪ್ರತಿ ಅವರ ಕೈಯಲ್ಲೂ ಇಲ್ಲ.

ಇಷ್ಟೆಲ್ಲ ತಿಳಿದವನು ಪತ್ರವನ್ನು ಬೇರೆ ರೀತಿ ಬರೆಯುತ್ತಾನೆ. ಅದಕ್ಕೂ ಮುಂಚೆ ತನ್ನ ಡೇಟಾದ ಪ್ರತಿ ಇಳಿಸಿಕೊಳ್ಳುತ್ತಾನೆ, ತಂಡದ ಯೋಜನೆಗಳ ಒಡೆತನವನ್ನು ಬೇರೆಯವರಿಗೆ ದಾಟಿಸುತ್ತಾನೆ, ಈ ಖಾತೆಯ ಮೂಲಕವೇ ಲಾಗಿನ್ ಆಗುವ ಬೇರೆ ತಾಣಗಳಲ್ಲಿ ಬದಲಿ ದಾರಿ ಮಾಡಿಕೊಳ್ಳುತ್ತಾನೆ. ಫೋನಿನ ಆ್ಯಪನ್ನೂ ತೆಗೆಯುತ್ತಾನೆ, ಏಕೆಂದರೆ ಗಡುವಿನೊಳಗೆ ಒಮ್ಮೆ ಲಾಗಿನ್ ಆದರೂ ಕೋರಿಕೆ ರದ್ದಾಗುವ ತಾಣಗಳಿವೆ. ಆಮೇಲೆ, ಖಾತೆಗೆ ನೋಂದಾಯಿಸಿದ ಇಮೇಲ್‌ನಿಂದಲೇ, ಹೀಗೆ:

“ಬಳಕೆದಾರ ಸಂಖ್ಯೆ 48213. ಇದು ಎರಡು ಬೇರೆ ಬೇರೆ ಕೋರಿಕೆ: ಒಂದು, ಖಾತೆ ಮುಚ್ಚುವುದು. ಎರಡು, ನನ್ನ ವೈಯಕ್ತಿಕ ಡೇಟಾ ಅಳಿಸುವುದು. ಸಕ್ರಿಯ ವ್ಯವಸ್ಥೆಗಳಿಂದ ಯಾವ ದಿನ ಅಳಿಯುತ್ತದೆ, ನನ್ನ ಡೇಟಾ ಇರುವ ಕೊನೆಯ ಬ್ಯಾಕಪ್ ಯಾವ ದಿನ ಮುಗಿಯುತ್ತದೆ, ತಿಳಿಸಿ. ಬಿಲ್‌ನಂಥ ಏನನ್ನಾದರೂ ಕಾನೂನಿನ ಕಾರಣಕ್ಕೆ ಉಳಿಸಿಕೊಳ್ಳುವುದಿದ್ದರೆ ಏನು, ಎಷ್ಟು ಕಾಲ ಎಂದು ಹೇಳಿ. ನನ್ನ ಡೇಟಾ ಪಡೆದ ಹೊರಗಿನ ಸಂಸ್ಥೆಗಳಿಗೂ ಸುದ್ದಿ ಮುಟ್ಟಿಸಿ.”

ಪಾಸ್‌ವರ್ಡ್ ಬರೆಯಬಾರದು, ಕೇಳದ ಗುರುತಿನ ಚೀಟಿಯನ್ನು ಲಗತ್ತಿಸಲೂಬಾರದು. ಮಾಹಿತಿ ಅಳಿಸಿ ಎನ್ನುತ್ತ ಹೊಸ ಮಾಹಿತಿ ಕೊಟ್ಟಂತಾಗುತ್ತದೆ. ಯುರೋಪಿನ ದತ್ತಾಂಶ ರಕ್ಷಣೆಯ ಕಾನೂನಾದ ಜಿಡಿಪಿಆರ್ ಅನ್ವಯಿಸುವ ಕಡೆ ಇಂಥ ಕೋರಿಕೆಗೆ ಒಂದು ತಿಂಗಳಲ್ಲಿ ಉತ್ತರಿಸಬೇಕು. ಜಟಿಲವಾಗಿದ್ದರೆ ಕಾರಣ ತಿಳಿಸಿ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ಉತ್ತರದಲ್ಲಿ ತಾರೀಖುಗಳಿದ್ದರೆ ಆ ಕಡೆ ಕೂತವರಿಗೆ ತಮ್ಮ ವ್ಯವಸ್ಥೆ ಗೊತ್ತು ಎಂದು ನಂಬಬಹುದು. “ತೆಗೆದುಹಾಕಲಾಗಿದೆ” ಎಂದಷ್ಟೇ ಬಂದರೆ ಇನ್ನೊಮ್ಮೆ ಕೇಳಬೇಕು.

ಕೊನೆಗೂ ಒಂದು ಉಳಿಯುತ್ತದೆ. ಈ ಪತ್ರವೇ ಬೆಂಬಲ ತಂಡದ ಟಿಕೆಟ್ ವ್ಯವಸ್ಥೆಯಲ್ಲಿ ಹೆಸರು, ಇಮೇಲ್, ಖಾತೆ ಸಂಖ್ಯೆ ಸಮೇತ ದಾಖಲಾಗಿರುತ್ತದೆ. ಅದು ಬಹಳ ಸಲ ಹೊರಗಿನ ಸಂಸ್ಥೆಯೊಂದರ ಸರ್ವರಿನಲ್ಲಿ ಇರುತ್ತದೆ, ಕೋರಿಕೆ ಪೂರೈಸಿದ್ದಕ್ಕೆ ಪುರಾವೆಯಾಗಿ ಅದನ್ನು ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಪತ್ರದ ಕಡೆಯ ಸಾಲು: “ಈ ಟಿಕೆಟನ್ನು ಎಷ್ಟು ದಿನ ಇಡುತ್ತೀರಿ?”