ಪೇಪರ್ ಜಾಹೀರಾತಿಗೆ ಸಿಕ್ಕ ಪುಕ್ಕಟೆ ಕ್ರೆಡಿಟ್ಟು

ಜಾಹೀರಾತಿಗೆ ದುಡ್ಡು ಸುರಿದರೆ ಸೇಲ್ಸ್ ಎಷ್ಟು ಏರುತ್ತೆ ಅನ್ನೋ ಪ್ರಶ್ನೆಗೆ ಎರಡು ಲೆಕ್ಕ ಎಷ್ಟರ ಮಟ್ಟಿಗೆ ಜೊತೆಜೊತೆಗೆ ಏರಿಳಿತವೆ ಅಂತ ಅಳೆಯೋ ಕೋರಿಲೇಷನ್, ಒಂದನ್ನ ನೋಡಿ ಇನ್ನೊಂದನ್ನ ಊಹಿಸೋ ಗೆರೆ ಎಳೆಯೋ ರಿಗ್ರೆಷನ್ ಎರಡನ್ನೂ ಹೇಳಿಕೊಡೋಕೆ ಒಂದು ಡೇಟಾ ಫೈಲ್ ಎಲ್ಲಾ ಕಡೆ ಓಡಾಡ್ತಾ ಇರುತ್ತೆ, `Advertising.csv` ಅಂತ. 2013ರಲ್ಲಿ ಬಂದ ಜೇಮ್ಸ್, ವಿಟ್ಟನ್, ಹೇಸ್ಟಿ, ಟಿಬ್ಶಿರಾನಿ ಇವರ ಸ್ಟಾಟಿಸ್ಟಿಕ್ಸ್ ಪಠ್ಯಪುಸ್ತಕದ ಜೊತೆ ಬಂದದ್ದು, ನೆಟ್‌ನಲ್ಲಿ ಫ್ರೀಯಾಗೇ ಸಿಗುತ್ತೆ. ಒಂದು ಪ್ರಾಡಕ್ಟು, 200 ಮಾರುಕಟ್ಟೆ. ಪ್ರತಿಯೊಂದರಲ್ಲೂ ಟಿವಿಗೆ, ರೇಡಿಯೋಗೆ, ಪೇಪರಿಗೆ ಎಷ್ಟು ಸಾವಿರ ಡಾಲರ್ ಹಾಕಿದ್ರು, ಎಷ್ಟು ಸಾವಿರ ಯೂನಿಟ್ ಮಾರಾಟ ಆಯ್ತು, ಇಷ್ಟೇ ಲೆಕ್ಕ. ನೋಡೋಕೆ ಸಪ್ಪೆ ಫೈಲು, ಆದ್ರೆ ಜಾಹೀರಾತಿನ ಲೆಕ್ಕದಲ್ಲಿ ಜನ ಎಡವೋ ಜಾಗಗಳು ಸುಮಾರು ಇದರೊಳಗೇ ಸಿಗ್ತವೆ.

ಮೊದಲು ಸ್ಕ್ಯಾಟರ್ ಚಾರ್ಟ್. ಎಕ್ಸೆಲ್‌ನಲ್ಲಿ ಅಡ್ಡ ಗೆರೆ ಮೇಲೆ ಟಿವಿ ಖರ್ಚು, ಉದ್ದ ಗೆರೆ ಮೇಲೆ ಸೇಲ್ಸ್ ಹಾಕಿದ್ರೆ 200 ಚುಕ್ಕಿ ಬರ್ತವೆ, ಒಂದೊಂದು ಚುಕ್ಕಿ ಒಂದೊಂದು ಮಾರುಕಟ್ಟೆ. ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಹೋಗ್ತಾ ಇದೆ ಅಂತ ಬರಿಗಣ್ಣಿಗೇ ಗೊತ್ತಾಗುತ್ತೆ. ಇನ್ನು ನಂಬರ್‌ಗಳಿಗೆ ಮೂರು ಫಾರ್ಮುಲಾ ಸಾಕು, ಟಿವಿ B ಕಾಲಮ್‌ನಲ್ಲಿ, ಸೇಲ್ಸ್ E ಕಾಲಮ್‌ನಲ್ಲಿ ಇದೆ:

```
=CORREL(B2:B201,E2:E201)
=SLOPE(E2:E201,B2:B201)
=INTERCEPT(E2:E201,B2:B201)
```

ಉತ್ತರ 0.78, 0.0475, 7.03. ಇಲ್ಲೊಂದು ಮಾತು. CORREL ಒಳಗೆ ಯಾವುದನ್ನ ಮೊದಲು ಕೊಟ್ರೂ ಅದೇ ಉತ್ತರ, SLOPE ಹಾಗಲ್ಲ, ಅದಕ್ಕೆ ಸೇಲ್ಸನ್ನೇ ಮೊದಲು ಕೊಡ್ಬೇಕು. ನಿಮಗೇನಾದ್ರೂ 12.87 ಬಂದಿದ್ರೆ ಹಿಂದುಮುಂದಾಗಿದೆ ಅಂತರ್ಥ, ಸೇಲ್ಸ್ ನೋಡಿ ಟಿವಿ ಖರ್ಚನ್ನ ಊಹಿಸೋ ಗೆರೆ ಎಳೆದಿದ್ದೀರಿ.

ಈಗ ಇದನ್ನ ಓದೋದು ಹೇಗೆ. ಕೋರಿಲೇಷನ್ 0.78 ಅಂದ್ರೆ ಚುಕ್ಕಿಗಳು ಒಂದು ನೇರ ಗೆರೆಗೆ ಎಷ್ಟು ಹತ್ತಿರ ಹತ್ತಿರ ಇವೆ ಅನ್ನೋದರ ಅಳತೆ ಅಷ್ಟೇ, ಎಷ್ಟು ಲಾಭ ಅಂತ ಅದು ಹೇಳಲ್ಲ. ಅದನ್ನ ವರ್ಗ ಮಾಡಿದ್ರೆ 0.61, ಅಂದ್ರೆ ಮಾರುಕಟ್ಟೆಯಿಂದ ಮಾರುಕಟ್ಟೆಗೆ ಸೇಲ್ಸ್‌ನಲ್ಲಿ ಕಾಣೋ ಏರುಪೇರಿನಲ್ಲಿ 61% ಟಿವಿ ಖರ್ಚಿನ ಗೆರೆಗೆ ಹೊಂದಿಕೊಂಡಿದೆ, ಉಳಿದ 39% ಬೇರೆ ಯಾವುದರಿಂದಲೋ ಬರ್ತಿದೆ. ದುಡ್ಡಿನ ಮಾತು ಇರೋದು 0.0475ರಲ್ಲಿ: ಟಿವಿಗೆ ಸಾವಿರ ಡಾಲರ್ ಜಾಸ್ತಿ ಹಾಕಿದ ಮಾರುಕಟ್ಟೆಯಲ್ಲಿ ಸರಾಸರಿ 47 ಯೂನಿಟ್‌ನಷ್ಟು ಜಾಸ್ತಿ ಸೇಲ್ಸ್ ಇದೆ. "ಹಾಕಿದ್ರೆ ಜಾಸ್ತಿ ಆಗುತ್ತೆ" ಅಂತ ಬರೀಲಿಲ್ಲ ಗಮನಿಸಿ, ಅದು ಬೇರೆ ಮಾತು, ಆಮೇಲೆ ಬರ್ತೀನಿ. 7.03 ಅಂದ್ರೆ ಟಿವಿ ಖರ್ಚು ಸೊನ್ನೆ ಇದ್ರೆ 7,030 ಯೂನಿಟ್, ಆದ್ರೆ ಇದನ್ನ "ಜಾಹೀರಾತೇ ಇಲ್ಲದಿದ್ರೂ ಇಷ್ಟು ಮಾರಾಟ" ಅಂತ ಓದಬಾರದು, ಯಾಕಂದ್ರೆ ಆ ಮಾರುಕಟ್ಟೆಗಳಲ್ಲಿ ರೇಡಿಯೋ, ಪೇಪರ್ ಓಡ್ತಾನೇ ಇದ್ವು. ಹಾಗೇ ಈ ಫೈಲ್‌ನಲ್ಲಿ ಟಿವಿ ಖರ್ಚು 3 ಲಕ್ಷ ಡಾಲರ್ ಒಳಗೇ ಮುಗಿಯುತ್ತೆ, 6 ಲಕ್ಷ ಹಾಕಿದ್ರೆ ಏನಾಗುತ್ತೆ ಅಂತ ಗೆರೇನ ಎಳ್ಕೊಂಡು ಹೋಗಿ ಹೇಳೋದು ಬರೀ ಊಹೆ.

ಆದ್ರೆ ಚಾರ್ಟನ್ನ ಇನ್ನೊಂದ್ಸಲ ಸರಿಯಾಗಿ ನೋಡಿ. ಎಡಗಡೆ ಚುಕ್ಕಿಗಳು ಗೆರೆಗೆ ಅಂಟಿಕೊಂಡಿವೆ, ಬಲಕ್ಕೆ ಹೋಗ್ತಾ ಹೋಗ್ತಾ ಬೀಸಣಿಗೆ ಥರ ಬಿಚ್ಚಿಕೊಳ್ತವೆ. ಗೆರೆಯ ಸಮೀಕರಣ ಮಾತ್ರ ಕಾಪಿ ಮಾಡ್ಕೊಂಡು ಹೋಗೋರಿಗೆ ಇದು ಕಾಣೋದೇ ಇಲ್ಲ, ಚಾರ್ಟ್ ಹಾಕ್ಬೇಕು ಅನ್ನೋದು ಇದಕ್ಕೇ. 26ನೇ ಮಾರುಕಟ್ಟೆ, 37ನೇ ಮಾರುಕಟ್ಟೆ ತಗೊಳ್ಳಿ. ಟಿವಿ ಖರ್ಚು ಹೆಚ್ಚುಕಮ್ಮಿ ಒಂದೇ, 262.9 ಮತ್ತು 266.9 ಸಾವಿರ. ಗೆರೆ ಪ್ರಕಾರ ಎರಡರಲ್ಲೂ ಸುಮಾರು 19,500 ಯೂನಿಟ್ ಹೋಗಬೇಕಿತ್ತು. ಹೋಗಿದ್ದು ಒಂದರಲ್ಲಿ 12,000, ಇನ್ನೊಂದರಲ್ಲಿ 25,400! ರೇಡಿಯೋ ಕಾಲಮ್ ನೋಡಿದ್ರೆ ಗುಟ್ಟು ಬಿಚ್ಚಿಕೊಳ್ಳುತ್ತೆ, 26ರಲ್ಲಿ ರೇಡಿಯೋಗೆ 3.5 ಸಾವಿರ, 37ರಲ್ಲಿ 43.8 ಸಾವಿರ.

ಅಂದ್ರೆ ಟಿವಿ ಮತ್ತೆ ರೇಡಿಯೋ ಬರೀ ಕೂಡೋದಲ್ಲ, ಒಂದನ್ನೊಂದು ಎತ್ತಿಕೊಡ್ತವೆ. ಟಿವಿ, ರೇಡಿಯೋ ಎರಡರ ಗುಣಲಬ್ಧವನ್ನೂ ಒಂದು ಕಾಲಮ್ ಮಾಡಿ ರಿಗ್ರೆಷನ್‌ಗೆ ಹಾಕಿದ್ರೆ ಗೆರೆ ಹೀಗೆ ಬರುತ್ತೆ:

```
sales = 6.75 + 0.0191*TV + 0.0289*radio + 0.0011*TV*radio
```

ಇದರಲ್ಲಿ 26ಕ್ಕೆ ಸುಮಾರು 12,900, 37ಕ್ಕೆ ಸುಮಾರು 26,000 ಬರುತ್ತೆ, ಎರಡೂ ನಿಜಕ್ಕೆ ಹತ್ತಿರ. 61% ಇದ್ದದ್ದು 96.8% ಆಗುತ್ತೆ. ರೇಡಿಯೋ ಹೆಚ್ಚುಕಮ್ಮಿ ಇಲ್ಲದ ಕಡೆ ಟಿವಿಯ ಸಾವಿರ ಡಾಲರ್‌ಗೆ 23 ಯೂನಿಟ್, ರೇಡಿಯೋ ಜೋರಾಗಿರೋ ಕಡೆ ಅದೇ ಸಾವಿರಕ್ಕೆ 67. ಮೊದಲು ಸಿಕ್ಕ 47 ಈ ಎರಡರ ಮಧ್ಯದ ಒಂದು ಸರಾಸರಿ, ಅದನ್ನ ನಂಬಿ ಬಜೆಟ್ ಮಾಡಿದ್ರೆ ಒಂದು ಕಡೆ ದುಡ್ಡು ಪೋಲು, ಇನ್ನೊಂದು ಕಡೆ ಕೈಬಿಟ್ಟ ಅವಕಾಶ.

ಈಗ ಪೇಪರ್ ಕಡೆ ಬನ್ನಿ, ನನಗೆ ಈ ಫೈಲ್‌ನಲ್ಲಿ ತುಂಬಾ ಇಷ್ಟದ ಭಾಗ ಇದು. ಪೇಪರ್ ಖರ್ಚನ್ನ ಮಾತ್ರ ತಗೊಂಡು ಗೆರೆ ಎಳೆದ್ರೆ ಸಾವಿರ ಡಾಲರ್‌ಗೆ 55 ಯೂನಿಟ್ ಬರುತ್ತೆ. ಟಿವಿಯ 47ಕ್ಕಿಂತ ಜಾಸ್ತಿ! ಕೋರಿಲೇಷನ್ 0.23, ಕಮ್ಮಿನೇ, ಆದ್ರೆ 200 ಮಾರುಕಟ್ಟೆ ಇರೋದ್ರಿಂದ ಇದು ಸುಮ್ಮನೆ ಆಕಸ್ಮಿಕ ಅಂತ ತಳ್ಳಿಹಾಕೋಕೆ ಆಗಲ್ಲ. ಮೀಟಿಂಗ್‌ನಲ್ಲಿ ಯಾರಾದ್ರೂ ಈ ಸ್ಲೈಡ್ ತೋರಿಸಿದ್ರೆ ಪೇಪರಿಗೆ ಬಜೆಟ್ ಏರಿಸೋಣ ಅಂತ ಎಲ್ಲರೂ ತಲೆಯಾಡಿಸ್ತಾರೆ. ಆದ್ರೆ ಟಿವಿ, ರೇಡಿಯೋ, ಪೇಪರ್ ಮೂರನ್ನೂ ಒಟ್ಟಿಗೆ ಹಾಕಿ ರಿಗ್ರೆಷನ್ ಓಡಿಸಿ. ಟಿವಿ 0.046, ರೇಡಿಯೋ 0.189, ಪೇಪರ್ -0.001. ಸೊನ್ನೆ ಅಂತಾನೇ ಇಟ್ಕೊಳ್ಳಿ, ಅದರ ಸ್ಟ್ಯಾಂಡರ್ಡ್ ಎರರ್ರೇ, ಅಂದ್ರೆ ಆ ನಂಬರ್ ಎಷ್ಟು ಆಚೀಚೆ ಆಗಬಹುದು ಅನ್ನೋ ಅಳತೆಯೇ, 0.006 ಇದೆ.

55 ಯೂನಿಟ್ ಎಲ್ಲಿಗೆ ಹೋಯ್ತು? ರೇಡಿಯೋ ಮತ್ತೆ ಪೇಪರ್ ನಡುವಿನ ಕೋರಿಲೇಷನ್ ತೆಗೆದ್ರೆ 0.35. ರೇಡಿಯೋಗೆ ಜಾಸ್ತಿ ಸುರಿದ ಮಾರುಕಟ್ಟೆಗಳಲ್ಲೇ ಪೇಪರಿಗೂ ಜಾಸ್ತಿ ಹಾಕಿದ್ರು. ಕೆಲಸ ಮಾಡಿದ್ದು ರೇಡಿಯೋ, ಪಕ್ಕದಲ್ಲಿ ನಿಂತಿದ್ದ ಪೇಪರಿಗೆ ಹೆಸರು ಬಂತು. ರೇಡಿಯೋ ಖರ್ಚು ಒಂದೇ ಇರೋ ಮಾರುಕಟ್ಟೆಗಳನ್ನ ಹೋಲಿಸಿದ ತಕ್ಷಣ ಪೇಪರಿನ ಹೆಸರು ಹೋಯ್ತು. ಇದನ್ನ ಹಿಡಿಯೋದು ಸುಲಭ: ಹೊಸ ಕಾಲಮ್ ಸೇರಿಸಿದಾಗ ಹಳೇ ಕಾಲಮ್‌ನ ನಂಬರ್ ಅಲುಗಾಡುತ್ತಾ ನೋಡಿ. ಟಿವಿದು 0.0475ರಿಂದ 0.046ಕ್ಕೆ ಬಂತು, ಅಲ್ಲೇ ನಿಂತಿದೆ, ಯಾಕಂದ್ರೆ ಟಿವಿಗೆ ಉಳಿದೆರಡರ ಜೊತೆ ಕೋರಿಲೇಷನ್ ಹತ್ತಿರ ಹತ್ತಿರ ಇಲ್ಲವೇ ಇಲ್ಲ ಅನ್ನಬಹುದು. ಪೇಪರಿಂದು ಕುಸಿದೇ ಬಿತ್ತು.

ಸಮಸ್ಯೆ ಏನಂದ್ರೆ ರೇಡಿಯೋ ಕಾಲಮ್ ಫೈಲ್‌ನಲ್ಲಿ ಇತ್ತು, ಅದಕ್ಕೇ ಸಿಕ್ಕಿಬಿತ್ತು. ಇಲ್ಲದ ಕಾಲಮ್ ಅಂತೂ ಯಾವ ಫಾರ್ಮುಲಾಕ್ಕೂ ಸಿಗಲ್ಲ. ಬಟ್ಟೆ ಅಂಗಡಿಯವರು ದೀಪಾವಳಿಗೆ ಮುಂಚೆ ಜಾಹೀರಾತು ಜಾಸ್ತಿ ಮಾಡ್ತಾರೆ, ಆಗ ಜನ ಹೇಗಿದ್ರೂ ಬಟ್ಟೆ ತಗೊಳ್ತಾರೆ, ಹಬ್ಬದ ಕಾಲಮ್ ಇಲ್ಲದಿದ್ರೆ ಅಷ್ಟೂ ಕ್ರೆಡಿಟ್ ಜಾಹೀರಾತಿಗೆ.

ಇದನ್ನ ನಿಜವಾಗ್ಲೂ ಪರೀಕ್ಷೆ ಮಾಡಿ ನೋಡಿದ್ದು ಆನ್‌ಲೈನ್ ಮಾರಾಟದ ಕಂಪನಿ ಇಬೇ. 2012ರಲ್ಲಿ ಯಾಹೂ ಮತ್ತೆ ಎಂಎಸ್ಎನ್ ಸರ್ಚ್‌ನಲ್ಲಿ "ಇಬೇ" ಅಂತ ಟೈಪ್ ಮಾಡಿದಾಗ ಬರ್ತಿದ್ದ ತನ್ನದೇ ದುಡ್ಡಿನ ಜಾಹೀರಾತನ್ನ ನಿಲ್ಲಿಸಿಬಿಡ್ತು. ಬ್ಲೇಕ್, ನೋಸ್ಕೊ, ಟಾಡೆಲಿಸ್ ಅಂತ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ರೆ, ಹೋದ ಕ್ಲಿಕ್ಕುಗಳಲ್ಲಿ 99.5% ಕೆಳಗಿನ ಪುಕ್ಕಟೆ ಲಿಂಕ್ ಮೂಲಕ ವಾಪಸ್ ಬಂದಿದ್ವು. ಆಮೇಲೆ ಬೇರೆ ಪದಗಳ ಜಾಹೀರಾತನ್ನೂ ಅಮೆರಿಕದ ಕೆಲವು ಪ್ರದೇಶಗಳಲ್ಲಿ ನಿಲ್ಲಿಸಿ, ಉಳಿದ ಕಡೆ ಬಿಟ್ಟು ಹೋಲಿಸಿದ್ರು. ಹೊಸಬರು, ಅಪರೂಪಕ್ಕೆ ಬರೋರು ಇವರ ಮೇಲೆ ಜಾಹೀರಾತು ಕೆಲಸ ಮಾಡಿತ್ತು. ಆದ್ರೆ ಖರ್ಚಿನ ಬಹುಪಾಲು ಹೋಗ್ತಿದ್ದದ್ದು ಜಾಹೀರಾತು ಇರಲಿ ಬಿಡಲಿ ಪದೇ ಪದೇ ಬಂದು ಕೊಳ್ತಿದ್ದ ಹಳೇ ಗಿರಾಕಿಗಳಿಗೆ, ಹಾಗಾಗಿ ಒಟ್ಟು ಲೆಕ್ಕದಲ್ಲಿ ಹಾಕಿದ ದುಡ್ಡೇ ವಾಪಸ್ ಬರ್ತಿರಲಿಲ್ಲ.