ಎಲೆಕ್ಟ್ರಾನಿಗಿರುವ ಅಲೆ ಅಡಿಕೆಯಲ್ಲಿ ಯಾಕೆ ಕಾಣುವುದಿಲ್ಲ? ಡಿ ಬ್ರಾಯ್ ತರಂಗದೂರದ ಟಿಪ್ಪಣಿ

ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾವೆಲ್ಲ ಬರೆಯುವ ಉತ್ತರ ಒಂದೇ ಸಾಲಿನದು: "ದೊಡ್ಡ ವಸ್ತುಗಳ ದ್ರವ್ಯರಾಶಿ ಹೆಚ್ಚು, ಆದ್ದರಿಂದ ತರಂಗದೂರ ತುಂಬಾ ಚಿಕ್ಕದು." ಇದು ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತ ಉತ್ತರ. ಚಿಕ್ಕದು ಅಂದರೆ ಯಾವುದಕ್ಕೆ ಹೋಲಿಸಿ ಚಿಕ್ಕದು? ಅದನ್ನು ಲೆಕ್ಕ ಹಾಕಿಯೇ ನೋಡೋಣ.

1924ರಲ್ಲಿ ಲೂಯಿ ಡಿ ಬ್ರಾಯ್ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಮುಂದಿಟ್ಟ ಸಂಬಂಧ ಇದು:

λ = h/p

h ಎಂದರೆ ಪ್ಲಾಂಕ್ ಸ್ಥಿರಾಂಕ, 6.63 × 10⁻³⁴ ಜೌಲ್ ಸೆಕೆಂಡ್. p ಎಂದರೆ ಸಂವೇಗ. ಸೂತ್ರದಲ್ಲಿ ಎಲೆಕ್ಟ್ರಾನಿಗೆ ಒಂದು, ಅಡಿಕೆಗೆ ಇನ್ನೊಂದು ಎಂಬ ಭೇದವೇ ಇಲ್ಲ.

ಮೊದಲು ಎಲೆಕ್ಟ್ರಾನ್. 54 ವೋಲ್ಟ್ ವಿಭವಾಂತರದಲ್ಲಿ ಓಡಿಸಿದ ಎಲೆಕ್ಟ್ರಾನಿನ ಚಲನಶಕ್ತಿ 54 eV. ಇದನ್ನು ಮೊದಲು ಜೌಲ್‌ಗೆ ತರಬೇಕು: 54 × 1.6 × 10⁻¹⁹ = 8.64 × 10⁻¹⁸ J. ಸಂವೇಗ p = √(2mE). m ಜಾಗದಲ್ಲಿ 9.11 × 10⁻³¹ ಕೆ.ಜಿ. ಹಾಕಿದರೆ p = 3.97 × 10⁻²⁴ kg m/s ಬರುತ್ತದೆ. h ಅನ್ನು ಇದರಿಂದ ಭಾಗಿಸಿದರೆ λ = 1.67 × 10⁻¹⁰ ಮೀಟರ್. ಹೆಚ್ಚುಕಡಿಮೆ ಒಂದು ಪರಮಾಣುವಿನ ಗಾತ್ರ.

ಇಲ್ಲಿ ತುಂಬಾ ಜನ ಜಾರುವ ಜಾಗ ಒಂದಿದೆ. ಬೆಳಕಿನ ಪಾಠದಲ್ಲಿ ಕಲಿತ λ = hc/E ಸೂತ್ರವನ್ನು ಎಲೆಕ್ಟ್ರಾನಿಗೂ ಹಾಕಿಬಿಡುತ್ತಾರೆ. ಆಗ ಉತ್ತರ ಸುಮಾರು 23 ನ್ಯಾನೋಮೀಟರ್ ಬರುತ್ತದೆ, ಸರಿಯಾದ ಉತ್ತರಕ್ಕಿಂತ ನೂರಮೂವತ್ತು ಪಟ್ಟಿಗೂ ಹೆಚ್ಚು. E = pc ಎಂಬುದು ಫೋಟಾನಿನ ಸಂಬಂಧ; ನಿಧಾನವಾಗಿ ಚಲಿಸುವ ಎಲೆಕ್ಟ್ರಾನಿಗೆ E = p²/2m. ನಿಮ್ಮ ಉತ್ತರ ಸರಿಯೇ ಎಂದು ತಿಳಿಯಲು, 100 ವೋಲ್ಟ್‌ಗೆ 1.23 × 10⁻¹⁰ ಮೀಟರ್ ಎಂಬುದೊಂದನ್ನು ನೆನಪಿಟ್ಟುಕೊಳ್ಳಿ. ವೋಲ್ಟೇಜ್ ನಾಲ್ಕು ಪಟ್ಟಾದರೆ ತರಂಗದೂರ ಅರ್ಧವಾಗಬೇಕು.

54 ವೋಲ್ಟನ್ನೇ ತೆಗೆದುಕೊಂಡದ್ದಕ್ಕೆ ಕಾರಣವಿದೆ. 1927ರಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ಸ್ಫಟಿಕದ ಮೇಲೆ ಇದೇ ಎಲೆಕ್ಟ್ರಾನುಗಳನ್ನು ಹಾಯಿಸಿದಾಗ, 50 ಡಿಗ್ರಿ ಕೋನದಲ್ಲಿ ಚದುರಿದ ಎಲೆಕ್ಟ್ರಾನುಗಳ ಸಂಖ್ಯೆ ಎದ್ದು ಕಾಣುವಷ್ಟು ಏರಿತು. ನಿಕ್ಕಲಿನ ಮೇಲ್ಮೈಯಲ್ಲಿ ಪರಮಾಣು ಸಾಲುಗಳ ನಡುವಿನ ಅಂತರ d = 2.15 × 10⁻¹⁰ ಮೀಟರ್. ವಿವರ್ತನೆಯ ನಿಯಮದಂತೆ λ = d sin 50° = 1.65 × 10⁻¹⁰ ಮೀಟರ್. ಒಂದು ಕಡೆ ವೋಲ್ಟೇಜಿನಿಂದ ಬಂದ ಸಂಖ್ಯೆ, ಇನ್ನೊಂದು ಕಡೆ ಕೋನದಿಂದ ಬಂದ ಸಂಖ್ಯೆ, ಎರಡೂ ಕೂಡಿಬಂದವು. ನನಗೆ ಈ ಇಡೀ ಅಧ್ಯಾಯದಲ್ಲಿ ಅತ್ಯಂತ ಇಷ್ಟವಾಗುವುದು ಇದೇ ಜಾಗ. ಗಮನಿಸಬೇಕಾದ್ದು: ಅಲೆ ಕಣ್ಣಿಗೆ ಬಿದ್ದದ್ದು λ ಮತ್ತು d ಒಂದೇ ಅಳತೆಯವು ಆದ್ದರಿಂದ. ವಿವರ್ತನೆಯ ಕೋನವನ್ನು ನಿರ್ಧರಿಸುವುದು λ/d ಎಂಬ ಅನುಪಾತ, ಬರೀ λ ಅಲ್ಲ.

ಈಗ ಅಡಿಕೆ. ತೀರ್ಥಹಳ್ಳಿ ಕಡೆಯ ಯಾವುದೇ ತೋಟದಲ್ಲಿ 10 ಮೀಟರ್ ಎತ್ತರದಿಂದ 40 ಗ್ರಾಂ ತೂಕದ ಹಣ್ಣಡಿಕೆಯೊಂದು ಉದುರಿತು ಎನ್ನಿ. ನೆಲ ಮುಟ್ಟುವಾಗ ಅದರ ವೇಗ ಸುಮಾರು 14 m/s, ಸಂವೇಗ 0.56 kg m/s. ಹಾಗಾಗಿ λ = 1.2 × 10⁻³³ ಮೀಟರ್. ಈ ಸಂಖ್ಯೆ ಬರೆದು ನಿಲ್ಲಿಸಬೇಡಿ, ಅನುಪಾತಕ್ಕೆ ಬನ್ನಿ. ಇಲ್ಲಿ d ಎಂದರೆ ಅಡಿಕೆ ತೂರಿ ಹೋಗುವ ಸೀಳಿನ ಅಗಲ, ಅದು ಕನಿಷ್ಠ 5 ಸೆಂಟಿಮೀಟರ್ ಬೇಕು. ಆಗ λ/d = 2.4 × 10⁻³² ರೇಡಿಯನ್. ಇಷ್ಟು ಕೋನದಲ್ಲಿ ಬಾಗಿದ ಅಡಿಕೆ ತನ್ನ ದಾರಿಯಿಂದ 10⁻¹⁵ ಮೀಟರ್, ಅಂದರೆ ಒಂದು ಪ್ರೋಟಾನಿನ ಗಾತ್ರದಷ್ಟು ಪಕ್ಕಕ್ಕೆ ಸರಿಯಲು 4 × 10¹⁶ ಮೀಟರ್ ಸಾಗಬೇಕು. ಅದು ನಾಲ್ಕು ಜ್ಯೋತಿರ್ವರ್ಷಕ್ಕೂ ಹೆಚ್ಚು, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಇರುವಷ್ಟು ದೂರ. ಅಲೆ ಇಲ್ಲವೆಂದಲ್ಲ, ಅದು ಉಂಟುಮಾಡುವ ಬಾಗುವಿಕೆಯನ್ನು ಅಳೆಯಲು ಜಾಗವೇ ಇಲ್ಲ.

ಸಾಗರದ ಗೆಳೆಯನೊಬ್ಬ ಕೇಳಿದ ಪ್ರಶ್ನೆ ನಿಮ್ಮಲ್ಲೂ ಎದ್ದಿರಬಹುದು: "ಅಲ್ಲ ಮಾರಾಯ, ಬಿದ್ದ ಅಡಿಕೆ ಅಂಗಳದಲ್ಲಿ ಸುಮ್ನೆ ಕೂತಿದ್ಯಲ್ಲ? ವೇಗ ಸೊನ್ನೆ ಆದ್ರೆ p ಸೊನ್ನೆ, ಆಗ λ ಅನಂತ ಆಗ್ಬೇಕಲ್ವಾ?"

ಒಳ್ಳೆಯ ಪ್ರಶ್ನೆ. ಸೂತ್ರದ ಪ್ರಕಾರ ವೇಗ ಕಡಿಮೆಯಾದಷ್ಟೂ ತರಂಗದೂರ ಬೆಳೆಯುವುದು ನಿಜ. ಆದರೆ λ ಒಂದು ಮಿಲಿಮೀಟರ್ ಆಗಬೇಕಾದರೆ ಅಡಿಕೆಯ ವೇಗ 1.7 × 10⁻²⁹ m/s ಇರಬೇಕು. ಆ ವೇಗದಲ್ಲಿ ಒಂದು ಪ್ರೋಟಾನಿನಷ್ಟು ದೂರ ಸರಿಯಲಿಕ್ಕೇ ಸುಮಾರು 19 ಲಕ್ಷ ವರ್ಷ ಬೇಕು. ಅಷ್ಟು ಸ್ತಬ್ಧವಾಗಿ ಯಾವ ಅಡಿಕೆಯೂ ಕೂರುವುದಿಲ್ಲ. ಸುತ್ತಲಿನ ಗಾಳಿಯ ಅಣುಗಳು ಅದಕ್ಕೆ ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಮುಕ್ತವಾಗಿರುವ 40 ಗ್ರಾಂ ವಸ್ತುವಿಗೆ 300 ಕೆಲ್ವಿನ್ ಉಷ್ಣತೆಯಲ್ಲಿ ಉಷ್ಣ ಚಲನೆಯೊಂದೇ ಕೊಡುವ ವೇಗ ಸುಮಾರು 6 × 10⁻¹⁰ m/s. ಇದನ್ನು ಹಾಕಿದರೂ λ ಬರುವುದು 3 × 10⁻²³ ಮೀಟರ್, ಪ್ರೋಟಾನಿಗಿಂತ ಕೋಟಿಗಟ್ಟಲೆ ಪಟ್ಟು ಚಿಕ್ಕದು. ನಮ್ಮ ಕಣ್ಣಿಗೆ "ನಿಂತಿದೆ" ಎನಿಸುವುದಕ್ಕೂ p = 0 ಎನ್ನುವುದಕ್ಕೂ ಬಹಳ ದೂರ.

ಇನ್ನೊಂದು ಮಾತನ್ನು ಎಚ್ಚರದಿಂದ ಬಳಸಬೇಕು: "ತರಂಗದೂರ ವಸ್ತುವಿನ ಗಾತ್ರಕ್ಕಿಂತ ಚಿಕ್ಕದಾದರೆ ಅಲೆಯ ಗುಣ ಕಾಣುವುದಿಲ್ಲ." ಇದನ್ನು ಅನೇಕ ಗೈಡುಗಳು ನಿಯಮದಂತೆ ಬರೆಯುತ್ತವೆ, ಆದರೆ ಪ್ರಯೋಗ ಇದನ್ನು ಒಪ್ಪುವುದಿಲ್ಲ. 1999ರಲ್ಲಿ ವಿಯೆನ್ನಾದಲ್ಲಿ 60 ಕಾರ್ಬನ್ ಪರಮಾಣುಗಳ C₆₀ ಅಣುವಿನ ವಿವರ್ತನೆಯನ್ನು ತೋರಿಸಿದರು. ಅಣುವಿನ ವ್ಯಾಸ ಸುಮಾರು 0.7 ನ್ಯಾನೋಮೀಟರ್, ಅದರ ತರಂಗದೂರ ಸುಮಾರು 2.5 ಪಿಕೋಮೀಟರ್. ಗಾತ್ರಕ್ಕಿಂತ ಅಲೆ ಮುನ್ನೂರು ಪಟ್ಟು ಚಿಕ್ಕದು! ಆದರೂ 100 ನ್ಯಾನೋಮೀಟರ್‌ಗೊಂದರಂತೆ ಸೀಳುಗಳಿದ್ದ ಜಾಲರಿಯನ್ನು ದಾಟಿದ ಮೇಲೆ λ/d = 2.5 × 10⁻⁵ ರೇಡಿಯನ್. ಒಂದು ಮೀಟರ್ ಆಚೆಗೆ ಅದು 25 ಮೈಕ್ರೋಮೀಟರ್ ಆಗುತ್ತದೆ, ಅಳೆಯಬಹುದಾದ ಅಂತರ.

ಹಾಗಾದರೆ ಇನ್ನೂ ಸೂಕ್ಷ್ಮ ಉಪಕರಣ ಮಾಡಿದರೆ ಅಡಿಕೆಗೂ ಸಾಧ್ಯವೇ? ಇಲ್ಲಿ ಎರಡನೆಯ ಕಾರಣ ಅಡ್ಡ ಬರುತ್ತದೆ. ವ್ಯತಿಕರಣದ ಪಟ್ಟೆಗಳು ಮೂಡಬೇಕಾದರೆ ವಸ್ತು ಯಾವ ದಾರಿಯಲ್ಲಿ ಹೋಯಿತು ಎಂಬ ಗುರುತು ಹೊರಗೆಲ್ಲೂ ಉಳಿಯಬಾರದು. 2004ರಲ್ಲಿ ವಿಯೆನ್ನಾದವರೇ C₇₀ ಅಣುಗಳನ್ನು ಲೇಸರಿನಿಂದ ಕಾಯಿಸಿ ನೋಡಿದರು. ಬಿಸಿ ಏರಿದಂತೆ ಅಣು ಹೊರಬಿಟ್ಟ ಫೋಟಾನುಗಳು ಅದರ ಜಾಗದ ಗುರುತನ್ನು ಹೊತ್ತೊಯ್ದವು, ಪಟ್ಟೆಗಳು ಮಸುಕಾಗುತ್ತ ಅಳಿಸಿಹೋದವು. ಅದಕ್ಕೆ ಬೇಕಾದದ್ದು ಬೆರಳೆಣಿಕೆಯ ಫೋಟಾನುಗಳು. ನಮ್ಮ ಅಡಿಕೆ ಸಾಮಾನ್ಯ ಉಷ್ಣತೆಯಲ್ಲೇ ಪ್ರತಿ ಸೆಕೆಂಡಿಗೆ 10²⁰ರ ಆಸುಪಾಸು ಅವಕೆಂಪು ಫೋಟಾನುಗಳನ್ನು ಸೂಸುತ್ತಿರುತ್ತದೆ.